ಹಾಜರಿ ಪುಸ್ತಕದಿಂದ ಡೇಟಾ ಕೆಲಸಕ್ಕೆ: ಶಿಕ್ಷಕರು ಕವರ್ ಲೆಟರ್ ಬರೆಯುವುದು ಹೇಗೆ?

ಶಹಾಪುರ ಕಡೆಯ ಗಣಿತ ಶಿಕ್ಷಕರೊಬ್ಬರು ತಮ್ಮ ಕವರ್ ಲೆಟರ್ ನೋಡಿಕೊಡಿ ಎಂದು ನನಗೆ ಕಳಿಸಿದ್ದರು. ಖಾಸಗಿ ಹೈಸ್ಕೂಲಿನಲ್ಲಿ 13 ವರ್ಷ ಪಾಠ ಮಾಡಿದವರು. ಈಗ ಡೇಟಾ ಅನಲಿಸ್ಟ್ ಕೆಲಸ ಹುಡುಕುತ್ತಿದ್ದಾರೆ. ಪತ್ರದಲ್ಲಿ ಇದ್ದದ್ದು ಇಷ್ಟು: ನನಗೆ ತಾಳ್ಮೆ ಇದೆ, ಸಂವಹನ ಕೌಶಲ ಚೆನ್ನಾಗಿದೆ, ತಂಡದಲ್ಲಿ ಕೆಲಸ ಮಾಡಬಲ್ಲೆ, ಡೇಟಾ ಎಂದರೆ ಅಪಾರ ಆಸಕ್ತಿ.

ನಾನೂ ಕಲಬುರಗಿಯಲ್ಲಿ 11 ವರ್ಷ ಚಾಕ್‌ಪೀಸ್ ಹಿಡಿದು ಆಮೇಲೆ ಈ ಕೆಲಸಕ್ಕೆ ಬಂದವಳು. ಈಗ ನಮ್ಮ ಆಫೀಸಿಗೆ ಬರುವ ಅರ್ಜಿಗಳನ್ನು ಮೊದಲು ಓದುವುದು ನಾನೇ. ಶಿಕ್ಷಕರ ಪತ್ರಗಳು ಬಹುಪಾಲು ಹೀಗೇ ಇರುತ್ತವೆ. ಓದಿದವರಿಗೆ ಒಳ್ಳೆಯ ಮನುಷ್ಯ ಅನ್ನಿಸುತ್ತದೆ, ಆದರೆ ಸೋಮವಾರ ಬೆಳಿಗ್ಗೆ ಯಾವ ಕೆಲಸ ಕೊಡಬಹುದು ಅಂತ ಗೊತ್ತಾಗುವುದಿಲ್ಲ.

ಜಾಹೀರಾತನ್ನು ಪೆನ್ನು ಹಿಡಿದು ಓದಿ

ಅವರು ಅರ್ಜಿ ಹಾಕುತ್ತಿದ್ದದ್ದು ಸಣ್ಣ ಸಾಲ ಕೊಡುವ ಕಂಪನಿಯೊಂದಕ್ಕೆ. ಜಾಹೀರಾತಿನಲ್ಲಿ ಮೂರು ಮುಖ್ಯ ಸಾಲುಗಳಿದ್ದವು. ಶಾಖೆಗಳಿಂದ ಬರುವ ಮಾಹಿತಿ ಸರಿಪಡಿಸಿ ವಾರದ ವರದಿ ಮಾಡಬೇಕು. ಎಕ್ಸೆಲ್, ಎಸ್‌ಕ್ಯೂಎಲ್ ಬರಬೇಕು. ಶಾಖೆ ಮ್ಯಾನೇಜರ್‌ಗಳಿಗೆ ಅರ್ಥವಾಗುವ ಹಾಗೆ ಹೇಳಬೇಕು.

ಇಂಥ ಪ್ರತಿ ಸಾಲಿನ ಹಿಂದೆ ಕೆಲಸ ಕೊಡುವವರ ಒಂದು ತಲೆನೋವು ಇರುತ್ತದೆ. ಮೊದಲ ಸಾಲು ಬರೆದವರು ಯಾವುದೋ ಮೀಟಿಂಗಿನಲ್ಲಿ ತಪ್ಪು ಅಂಕಿ ತೋರಿಸಿ ಮುಜುಗರ ಪಟ್ಟಿರುತ್ತಾರೆ. ಮೂರನೆಯದು ಬರೆದವರ ಹತ್ತಿರ ಚೆಂದದ ಚಾರ್ಟ್ ಮಾಡುವ ಹುಡುಗರಿದ್ದಾರೆ, ಅದನ್ನು ಬಿಡಿಸಿ ಹೇಳುವವರಿಲ್ಲ. ಆ ತಲೆನೋವನ್ನು ಪ್ರತಿ ಸಾಲಿನ ಪಕ್ಕ ಒಂದೇ ಮಾತಿನಲ್ಲಿ ಬರೆದುಕೊಳ್ಳಿ.

ನಿಮ್ಮ ಶಾಲೆಯ ಹೊಲಸು ಡೇಟಾ ನೆನಪಿಸಿಕೊಳ್ಳಿ

ಇಲ್ಲೇ ಎಲ್ಲರೂ ಎಡವುವುದು. ಶಾಲೆಯ ದಾಖಲೆ ಕೆಲಸವನ್ನು ಗುಮಾಸ್ತಿಕೆ ಅಂದುಕೊಂಡು ಪತ್ರದಿಂದ ಬಿಟ್ಟುಬಿಡುತ್ತಾರೆ. ಸ್ಯಾಟ್ಸ್‌ನಲ್ಲಿ ಹೆಸರು ತಿದ್ದಿದ್ದು, ಬಿಸಿಯೂಟದ ಅಕ್ಕಿ ಲೆಕ್ಕ ಹಾಜರಿಗೆ ತಾಳೆ ಹಾಕಿದ್ದು, ಯು-ಡೈಸ್ ತುಂಬಿದ್ದು, ಯಾವುದನ್ನೂ ಬರೆಯುವುದಿಲ್ಲ. ಶಹಾಪುರದ ಸರ್ ಕೂಡ ಫೋನಿನಲ್ಲಿ ಹಾಗೇ ಅಂದರು: "ಅದೇನ್ ದೊಡ್ಡ ಕೆಲ್ಸರೀ ಮೇಡಂ, ಸಾಲ್ಯಾಗ ಎಲ್ಲಾರೂ ಮಾಡ್ತಾರ."

"ಜೂನ್ 1ಕ್ಕ ಹುಟ್ಟಿದ ಹುಡುಗ್ರು ನಿಮ್ ಸಾಲ್ಯಾಗ ಎಷ್ಟ್ ಮಂದಿ ಅದಾರ್ರೀ ಸರ?" ಅಂತ ಕೇಳಿದೆ. ಅವರು ನಕ್ಕರು. ನಮ್ಮ ಕಡೆ ಪಾಠ ಮಾಡಿದವರಿಗೆಲ್ಲ ಇದು ಗೊತ್ತು. ಸೇರಿಸಲು ಬಂದ ಅಜ್ಜಿಗೆ ಮೊಮ್ಮಗನ ಹುಟ್ಟಿದ ದಿನ ಗೊತ್ತಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಹೊಂದಲಿ ಎಂದು ಹೆಡ್‌ಮಾಸ್ಟರು ಜೂನ್ 1 ಬರೆದುಬಿಡುತ್ತಾರೆ. ಅದು ಹುಟ್ಟಿದ ದಿನ ಅಲ್ಲ, ಖಾಲಿ ಜಾಗ ತುಂಬಿದ್ದು.

ಸಾಲದ ಕಂಪನಿಯ ಗ್ರಾಹಕರ ಪಟ್ಟಿಯಲ್ಲೂ ಇದೇ ಕಥೆ. ಹುಟ್ಟಿದ ವರ್ಷ ಮಾತ್ರ ಗೊತ್ತಿರುವವರಿಗೆ ಜನವರಿ 1 ಎಂದು ಕೂರಿಸಿರುತ್ತಾರೆ. ವಯಸ್ಸಿನ ಮೇಲೆ ಸಾಲ ಕೊಡುವ, ಬಿಡುವ ತೀರ್ಮಾನ ನಡೆಯುವ ಕಡೆ ಇದು ಸಣ್ಣ ವಿಷಯ ಅಲ್ಲ. ಅಲ್ಲಿ ಹೋದವರು ಮೊದಲು ಓಡಿಸಬೇಕಾದ ಪ್ರಶ್ನೆ ಇಷ್ಟೇ. ಇದು ಎಸ್‌ಕ್ಯೂಎಲೈಟ್‌ನಲ್ಲಿ ನಡೆಯುತ್ತದೆ, ದಿನಾಂಕ ವರ್ಷ-ತಿಂಗಳು-ದಿನ ರೂಪದಲ್ಲಿ ಇರಬೇಕು:

```sql
SELECT strftime('%d-%m', dob) AS d, COUNT(*) AS n
FROM customers
GROUP BY d
ORDER BY n DESC
LIMIT 5;
```

ಒಂದೇ ದಿನಾಂಕ ಉಳಿದವುಗಳಿಗಿಂತ ಹತ್ತಾರು ಪಟ್ಟು ಜಾಸ್ತಿ ಬಂದರೆ ಅದು ಕೂರಿಸಿದ ದಿನಾಂಕ ಎಂದೇ ಅನುಮಾನಿಸಿ. ಎಕ್ಸೆಲ್‌ನಲ್ಲಾದರೆ `=TEXT(C2,"dd-mm")` ಹಾಕಿ ಪಿವಟ್ ಟೇಬಲ್ ಮಾಡಿದರೆ ಸಾಕು. ಆದರೆ ಯಾರಾದರೂ 1.6.2011 ಎಂದು ಚುಕ್ಕೆ ಇಟ್ಟು ತುಂಬಿದ್ದರೆ ನಮ್ಮ ಕಡೆಯ ಎಕ್ಸೆಲ್ ಅದನ್ನು ದಿನಾಂಕ ಎಂದು ಒಪ್ಪುವುದಿಲ್ಲ, ಹಾಗೇ ಬಿಟ್ಟುಬಿಡುತ್ತದೆ. ಗುರುತಿಸುವುದು ಸುಲಭ. ನೀವೇನೂ ಬದಲಿಸದಿದ್ದರೆ ನಿಜವಾದ ದಿನಾಂಕ ಸೆಲ್‌ನ ಬಲಕ್ಕೆ ಕೂರುತ್ತದೆ, ಅಕ್ಷರ ಎಂದುಕೊಂಡದ್ದು ಎಡಕ್ಕೆ.

ಕೋರ್ಸ್ ಮುಗಿಸಿ ಬರುವ ಹುಡುಗರಿಗೆ ಕ್ವೆರಿ ಬರೆಯಲು ಬರುತ್ತದೆ. ಜೂನ್ 1 ನೋಡಿದ ತಕ್ಷಣ ಹುಬ್ಬು ಏರುವುದು ರಿಜಿಸ್ಟರ್ ಬರೆದವರಿಗೆ. ಪತ್ರದಲ್ಲಿ ಬರಬೇಕಾದದ್ದು ಅದು.

ಒಂದೇ ಒಂದು ಪ್ಯಾರಾ, ಮೂರು ದಿನ ತಗೊಂಡರೂ ಸರಿ

ಪತ್ರದ ನಡುವಿನ ಪ್ಯಾರಾದಲ್ಲಿ ಒಂದು ಕೆಲಸವನ್ನು ಪೂರ್ತಿ ಹೇಳಿ. ಐದು ಕೆಲಸ ಒಂದೊಂದು ಸಾಲಿನಲ್ಲಿ ಬೇಡ. ಶಹಾಪುರದ ಸರ್ ಜೊತೆ ಕೂತು ಮಾಡಿದ್ದನ್ನೇ ಹೇಳುತ್ತೇನೆ. ಅಂಕಿಗಳನ್ನು ಮಾತ್ರ ಬದಲಿಸಿ ಕೂರಿಸಿದ್ದೇನೆ, ಲೆಕ್ಕದ ದಾರಿ ತಿಳಿಯಲಿ ಎಂದು.

8ನೇ ತರಗತಿ, ಪುಸ್ತಕದಲ್ಲಿ 84 ಮಕ್ಕಳು. ನವೆಂಬರಿನಲ್ಲಿ 22 ದಿನ ಶಾಲೆ. ಎಲ್ಲರೂ ದಿನಾ ಬಂದಿದ್ದರೆ 1848 ಹಾಜರಿ ಆಗಬೇಕಿತ್ತು. ಆದದ್ದು 1312. ಅಂದರೆ ಶೇ 71. ಆಡಳಿತ ಮಂಡಳಿಯವರು ಸಿಟ್ಟಾಗಿ 84 ಮನೆಯವರನ್ನೂ ಸಭೆಗೆ ಕರೆಯಿರಿ ಎಂದರು.

ಸರ್ ಮಾಡಿದ ಮೊದಲ ಕೆಲಸ ಛೇದ ನೋಡಿದ್ದು. 84ರಲ್ಲಿ 9 ಮಕ್ಕಳು ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದರು, ಇಡೀ ತಿಂಗಳು ಊರಲ್ಲೇ ಇರಲಿಲ್ಲ. ಹೆಸರು ಮಾತ್ರ ಪುಸ್ತಕದಲ್ಲಿತ್ತು. ಅವರ 198 ದಿನ ಬೇರೆ ಇಟ್ಟರೆ ಛೇದ 1650 ಆಗುತ್ತದೆ. ಊರಲ್ಲಿದ್ದ ಮಕ್ಕಳ ಹಾಜರಿ ಶೇ 79.5. ಉಳಿದದ್ದು 338 ಗೈರುಹಾಜರಿ. ಅದರಲ್ಲಿ 214 ಬರೀ 17 ಹುಡುಗಿಯರದು. ಅದು ಹತ್ತಿ ಬಿಡಿಸುವ ಕಾಲ.

ಇಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ಶೇ 71 ಅನ್ನು ಮುಚ್ಚಿಟ್ಟು 79.5 ಮಾತ್ರ ಬರೆಯುವುದು. ಓದುವವರಿಗೆ ಅಂಕಿ ಚೆಂದ ಮಾಡಿದ ಹಾಗೆ ಕಾಣುತ್ತದೆ. ಗುಳೆ ಹೋದ 9 ಮಕ್ಕಳು ಸುಳ್ಳಲ್ಲವಲ್ಲ, ಅವರದು ಬೇರೆ ಪ್ರಶ್ನೆ ಅಷ್ಟೆ. ಎರಡೂ ಅಂಕಿ ಬರೆಯಿರಿ. ಇನ್ನೊಂದು, ಹತ್ತಿಯೇ ಕಾರಣ ಎಂದು ಸುಮ್ನೆ ಬರೆದುಬಿಡುವುದು. ಹೇಗೆ ಗೊತ್ತಾಯಿತು ಅಂತ ಇಂಟರ್‌ವ್ಯೂನಲ್ಲಿ ಖಂಡಿತ ಕೇಳುತ್ತಾರೆ. ಸರ್ 17 ಮನೆಗೂ ಹೋಗಿ ಕೇಳಿದ್ದರು, 15 ಮನೆಯಲ್ಲಿ ಹತ್ತಿ ಎಂದರು, ಇಬ್ಬರದು ಬೇರೆ ಕಾರಣ. ಅದನ್ನೂ ಬರೆದೆವು.

ಆಮೇಲೆ ಏನು ಬದಲಾಯಿತು ಅನ್ನುವುದು ಬರಬೇಕು. ಅದಿಲ್ಲದಿದ್ದರೆ ಬರೀ ಲೆಕ್ಕ. ಇಬ್ಬನಿ ಆರುವವರೆಗೆ ಆ ಊರಲ್ಲಿ ಹತ್ತಿ ಬಿಡಿಸಲು ಇಳಿಯುವುದಿಲ್ಲ. ಸರ್ ಬೆಳಿಗ್ಗೆ 7.30ಕ್ಕೆ ಒಂದು ಗಂಟೆ ಗಣಿತ, ವಿಜ್ಞಾನ ಇಟ್ಟರು. 17ರಲ್ಲಿ 11 ಹುಡುಗಿಯರು ಬಂದರು. ಆಡಳಿತ ಮಂಡಳಿಗೆ ಒಂದೇ ಹಾಳೆಯಲ್ಲಿ ವಿವರಿಸಿದ ಮೇಲೆ 84 ಮನೆಯ ಸಭೆ ಕೈಬಿಟ್ಟರು.

ಪತ್ರದಲ್ಲಿ ಇದು ಹೀಗೆ ಕೂತಿತು:

"ಶಾಖೆಗಳ ಮಾಹಿತಿ ಸರಿಪಡಿಸಿ ವಾರದ ವರದಿ ಮಾಡುವವರು ಬೇಕು ಎಂದಿದ್ದೀರಿ. ನಮ್ಮ 8ನೇ ತರಗತಿಯ ಒಂದು ತಿಂಗಳ ಹಾಜರಿ ಶೇ 71 ಇತ್ತು. ಇಡೀ ತಿಂಗಳು ಊರಲ್ಲಿರದ 9 ಮಕ್ಕಳನ್ನು ಬೇರೆ ಲೆಕ್ಕ ಮಾಡಿದಾಗ ಊರಲ್ಲಿದ್ದವರದು ಶೇ 79.5 ಎಂದು ತಿಳಿಯಿತು. ಉಳಿದ ಗೈರುಹಾಜರಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು 17 ಹುಡುಗಿಯರದು. ಮನೆಗಳಲ್ಲಿ ವಿಚಾರಿಸಿದಾಗ 15 ಮಂದಿ ಹತ್ತಿ ಬಿಡಿಸಲು ಹೋಗುತ್ತಿದ್ದರು. ಇದನ್ನು ಒಂದು ಹಾಳೆಯಲ್ಲಿ ಆಡಳಿತ ಮಂಡಳಿಗೆ ವಿವರಿಸಿದೆ. ಬೆಳಗಿನ ತರಗತಿ ಶುರುವಾಯಿತು, 11 ಮಂದಿ ಬಂದರು. ಇದು ಒಂದು ಶಾಲೆಯ ಒಂದು ತಿಂಗಳ ಲೆಕ್ಕ ಮಾತ್ರ. ನಿಮ್ಮ ವಸೂಲಿ ವರದಿಯಲ್ಲೂ ನಾನು ಮೊದಲು ಕೇಳುವುದು, ಛೇದದಲ್ಲಿ ಯಾರಿದ್ದಾರೆ ಎಂದು."

ಕೊನೆಯ ಸಾಲು ಬಿಡಬೇಡಿ. ಶಾಲೆಯಿಂದ ಕಂಪನಿಗೆ ಸೇತುವೆ ಅದೇ. ಸಾಲದ ವಸೂಲಿ ಶೇ 95 ಎಂದರೆ ಯಾವುದರಲ್ಲಿ 95? ಈ ವಾರ ಕಟ್ಟಬೇಕಾದದ್ದರಲ್ಲೋ, ಹಳೆಯ ಬಾಕಿ ಸೇರಿಸಿಯೋ? ಪ್ರತಿ ಶಾಖೆ ಒಂದೊಂದು ರೀತಿ ಲೆಕ್ಕ ಹಾಕಿದರೆ ಮ್ಯಾನೇಜರ್ ತಲೆ ಕೆಟ್ಟುಹೋಗುತ್ತದೆ. ಓದುವವರೇ ಈ ಸಂಬಂಧ ಜೋಡಿಸಿಕೊಳ್ಳಲಿ ಎಂದು ಬಿಟ್ಟರೆ ಅವರು ಜೋಡಿಸುವುದಿಲ್ಲ. ಮುಂದಿನ ಅರ್ಜಿಗೆ ಹೋಗುತ್ತಾರೆ.

ಪತ್ರದ ಜೊತೆ ಮಕ್ಕಳ ಪಟ್ಟಿ ಕಳಿಸಲೇಬೇಡಿ. ಒಮ್ಮೆ ಒಬ್ಬರು ಹೆಸರು, ಜಾತಿ, ಆಧಾರ್ ಸಂಖ್ಯೆ ಸಮೇತ ಇಡೀ ಶೀಟ್ ನನಗೆ ಕಳಿಸಿದ್ದರು. ಗ್ರಾಹಕರ ಮಾಹಿತಿಯನ್ನೂ ಹೀಗೇ ಹಂಚುತ್ತಾರಲ್ಲ ಅನ್ನಿಸಿ ಅಲ್ಲಿಗೇ ಬಿಟ್ಟೆ. ಒಟ್ಟು ಅಂಕಿ ಸಾಕು.

ಉಳಿದ ಸಾಲುಗಳು

ಸಾಫ್ಟ್‌ವೇರ್ ವಿಷಯ ಎರಡು ಸಾಲು, ನಿಜ ಮಾತ್ರ. "ಎಕ್ಸೆಲ್‌ನಲ್ಲಿ ಪಿವಟ್, ಎಕ್ಸ್‌ಲುಕಪ್ ದಿನವೂ ಬಳಸುತ್ತೇನೆ. ಎಸ್‌ಕ್ಯೂಎಲ್‌ನಲ್ಲಿ ಜಾಯಿನ್, ಗ್ರೂಪ್ ಬೈ ಬರೆಯುತ್ತೇನೆ, ವಿಂಡೋ ಫಂಕ್ಷನ್ ಕಲಿಯುತ್ತಿದ್ದೇನೆ" ಎಂದರೆ ನನಗೆ ನಂಬಿಕೆ ಬರುತ್ತದೆ. ಹತ್ತು ಸಾಫ್ಟ್‌ವೇರ್ ಹೆಸರು ಸಾಲಾಗಿ ಬರೆದರೆ ಬರುವುದಿಲ್ಲ. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಎಂದು ಹೇಳಿ ದುಡ್ಡು ಕೀಳುವ ಕೋರ್ಸ್‌ಗಳ ಸರ್ಟಿಫಿಕೇಟ್ ಜೊತೆಗೆ ಬರುವ ಟೈಟಾನಿಕ್ ಪ್ರಯಾಣಿಕರ ಪ್ರಾಜೆಕ್ಟ್ ಅನ್ನು ಅರ್ಜಿ ಓದುವವರೆಲ್ಲ ನೋಡಿ ನೋಡಿ ಬೇಸತ್ತಿದ್ದಾರೆ. ಮಾರುವ ರೆಡಿಮೇಡ್ ಪತ್ರಗಳಿಗೂ ದುಡ್ಡು ಸುರಿಯಬೇಡಿ, ಎರಡನೇ ಸಾಲಿಗೇ ಗೊತ್ತಾಗುತ್ತದೆ.

ಕೇಳದೆ ಇದ್ದರೂ ಓದುವವರ ಮನಸ್ಸಿನಲ್ಲಿ ಒಂದು ಅಳುಕು ಇರುತ್ತದೆ: ಇಷ್ಟು ವರ್ಷ ತರಗತಿ ಆಳಿದವರು 26 ವರ್ಷದ ಹುಡುಗಿಯ ಕೈಕೆಳಗೆ ಕೆಲಸ ಮಾಡುತ್ತಾರಾ? "ಈ ಕೆಲಸದಲ್ಲಿ ನಾನು ಹೊಸಬ, ಶುರುವಿನ ಹುದ್ದೆಗೇ ಅರ್ಜಿ ಹಾಕುತ್ತಿದ್ದೇನೆ" ಎಂದು ಒಂದು ಸಾಲು ಹಾಕಿ. ವಿವರಣೆ ಬೇಡ. ಯಾಕೆ ಶಾಲೆ ಬಿಡುತ್ತಿದ್ದೀರಿ, ಸಂಬಳ ಎಷ್ಟು ಕಮ್ಮಿ, ಯಾರು ಹೇಗೆ ನಡೆಸಿಕೊಂಡರು, ಇದೆಲ್ಲ ಪತ್ರದಲ್ಲಿ ಬಂದರೆ ಕೆಟ್ಟಿತು. ಸೇರುವ ದಿನ ಮಾತ್ರ ಸ್ಪಷ್ಟವಾಗಿ ಬರೆಯಿರಿ. ವರ್ಷದ ಪರೀಕ್ಷೆ ಮುಗಿಸಿ ಏಪ್ರಿಲ್ ಕೊನೆಗೆ ಬರುತ್ತೇನೆ ಎಂದರೆ ಮಕ್ಕಳನ್ನು ಅರ್ಧಕ್ಕೆ ಬಿಟ್ಟು ಬರುವವರಲ್ಲ ಅಂತಲೂ ತಿಳಿಯುತ್ತದೆ.

ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ತನ್ನಿ. ನೇರ ಇಂಗ್ಲಿಷಿನಲ್ಲಿ ಕೂತರೆ ಅದೇ ತಾಳ್ಮೆ, ಸಂವಹನ ಕೌಶಲ ಬಂದು ಕೂರುತ್ತವೆ. ಒಂದು ಪುಟ ಮೀರಬಾರದು. ಪಿಡಿಎಫ್ ಮಾಡಿ, ಫೈಲಿಗೆ ನಿಮ್ಮ ಹೆಸರಿಡಿ, ಕಳಿಸಿ.

338 ಗೈರುಹಾಜರಿಯ ಶೀಟನ್ನು, ಹೆಸರಿನ ಜಾಗದಲ್ಲಿ ಬರೀ ಸಂಖ್ಯೆ ಹಾಕಿ, ಲ್ಯಾಪ್‌ಟಾಪಿನಲ್ಲಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಶಹಾಪುರದ ಸರ್‌ಗೆ ಇಂಟರ್‌ವ್ಯೂನಲ್ಲಿ ಕೇಳಿದ ಮೊದಲ ಪ್ರಶ್ನೆ, ಆ 11 ಹುಡುಗಿಯರು ಬಿಟ್ಟು ಉಳಿದ ಆರು ಮಂದಿ ಯಾಕೆ ಬರಲಿಲ್ಲ ಎಂದು. ನಾಲ್ವರ ಹೊಲ ದೂರ, ಟಂಟಂ ಬೆಳಿಗ್ಗೆ ಆರಕ್ಕೇ ಹೊರಡುತ್ತಿತ್ತು. ಉಳಿದಿಬ್ಬರು ಹತ್ತಿಗೆ ಹೋಗದ ಆ ಇಬ್ಬರೇ. ಸರ್ ಹತ್ತಿರ ಉತ್ತರ ಇತ್ತು.