ವ್ಯತ್ಯಾಸ ಕುಗ್ಗಿದರೆ ಸಾಕೇ? 1/(2 − x) ಜೊತೆ ನನ್ನ ಅನುಭವ

ದಾವಣಗೆರೆಯ ವಿದ್ಯಾನಗರದಲ್ಲಿ ನಾನು ಬಿ.ಎಸ್ಸಿ. ಓದುವ ಮಕ್ಕಳಿಗೆ ಸಂಜೆ ಹೊತ್ತು ಗಣಿತ ಹೇಳಿಕೊಡುತ್ತೇನೆ. ಸೀಕ್ವೆನ್ಸ್ ಪಾಠದಲ್ಲಿ ಒಂದು ಲೆಕ್ಕವನ್ನು ನಾನು ಬೋರ್ಡ್ ಮೇಲೆ ತಪ್ಪಾಗಿ ಮುಗಿಸಿದ್ದೆ. ಅದನ್ನು ಸರಿಮಾಡಲು ಎರಡು ದಿನ ಹಿಡಿಯಿತು. ಆ ಎರಡು ದಿನದಲ್ಲಿ ನನಗೆ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲೆಕ್ಕ ಇಷ್ಟೇ. ಮೊದಲ ಪದ 0. ಮುಂದಿನ ಪದ ಬೇಕೆಂದರೆ ಈಗಿನ ಪದವನ್ನು 2ರಿಂದ ಕಳೆದು, ಬಂದದ್ದರಿಂದ 1ನ್ನು ಭಾಗಿಸಬೇಕು. ಹಾಗೆ ಮಾಡಿದರೆ 0, 1/2, 2/3, 3/4, 4/5 ಬರುತ್ತವೆ. ಇದು ಕನ್ವರ್ಜ್ ಆಗುತ್ತದೆ ಎಂದು ಪಕ್ಕಪಕ್ಕದ ಪದಗಳ ವ್ಯತ್ಯಾಸ ಹಿಡಿದು ತೋರಿಸಬೇಕು.

ನಾನು ಎಂದಿನಂತೆ ಶುರು ಮಾಡಿದೆ. ಎರಡು ಪದಗಳನ್ನು ಕಳೆದೆ, ಛೇದ ಒಂದು ಮಾಡಿದೆ:

```
x(n+2) − x(n+1) = (x(n+1) − x(n)) / ((2 − x(n+1)) · (2 − x(n)))
```

ಯಾವ ಪದವಾದರೂ 1ಕ್ಕಿಂತ ಚಿಕ್ಕದಿದ್ದರೆ, 2ರಿಂದ ಅದನ್ನು ಕಳೆದಾಗ 1ಕ್ಕಿಂತ ದೊಡ್ಡದು ಬರುತ್ತದೆ. ಅದರಿಂದ 1ನ್ನು ಭಾಗಿಸಿದರೆ ಮತ್ತೆ 1ಕ್ಕಿಂತ ಚಿಕ್ಕದೇ. ಹಾಗಾಗಿ ಎಲ್ಲ ಪದಗಳೂ 1ರ ಕೆಳಗೇ ಉಳಿಯುತ್ತವೆ, ಮೇಲಿನ ಸೂತ್ರದ ಛೇದದಲ್ಲಿರುವ ಎರಡೂ ಅಂಶಗಳು 1ಕ್ಕಿಂತ ದೊಡ್ಡವು. ಪ್ರತಿ ವ್ಯತ್ಯಾಸ ಹಿಂದಿನದಕ್ಕಿಂತ ಚಿಕ್ಕದು. ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ನಾನು ಬರೆದ ಕೊನೆಯ ಸಾಲು ಇದು: "ವ್ಯತ್ಯಾಸ ಕುಗ್ಗುತ್ತಿದೆ, ಆದ್ದರಿಂದ ಸೀಕ್ವೆನ್ಸ್ ಕನ್ವರ್ಜ್ ಆಗುತ್ತದೆ."

ಜಗಳೂರಿನಿಂದ ಬಂದು ಇಲ್ಲಿ ಹಾಸ್ಟೆಲಿನಲ್ಲಿರುವ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ಎಷ್ಟು ಪಟ್ಟು ಕುಗ್ಗುತ್ತೆ ಅಂತ ಹೇಳಬೇಕಲ್ವಾ? ಒಂದು k ಬೇಕು ಅಂದಿದ್ರಿ."

ಅವಳು ಹೇಳಿದ್ದು ಸರಿ. ನಿಯಮದ ಪ್ರಕಾರ, 1ಕ್ಕಿಂತ ಚಿಕ್ಕದಾದ ಒಂದು k ಇರಬೇಕು. ಎಲ್ಲ ಹೆಜ್ಜೆಗೂ ಅದೇ k. ಪ್ರತಿ ವ್ಯತ್ಯಾಸ ಹಿಂದಿನದರ k ಪಟ್ಟಿಗಿಂತ ಹೆಚ್ಚಾಗಬಾರದು. ಹಾಗಿದ್ದರೆ ಮಾತ್ರ ವ್ಯತ್ಯಾಸಗಳ ಮೊತ್ತವನ್ನು ಗುಣೋತ್ತರ ಶ್ರೇಢಿಯ ಮೊತ್ತದಿಂದ ಕಟ್ಟಿಹಾಕಬಹುದು. ನಾನು k ಹುಡುಕದೇ ಸುಮ್ನೆ ಮುಂದೆ ಹೋಗಿದ್ದೆ.

ಆವತ್ತು ಸಂಜೆ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದು, k ಹುಡುಕಲು ಕೂತೆ. ವ್ಯತ್ಯಾಸಗಳು 1/2, 1/6, 1/12, 1/20, 1/30. ಒಂದನ್ನು ಅದರ ಹಿಂದಿನದರಿಂದ ಭಾಗಿಸುತ್ತಾ ಹೋದರೆ 1/3, 2/4, 3/5, 4/6. ಸಾಮಾನ್ಯವಾಗಿ n/(n+2). ನೂರನೇ ಹೆಜ್ಜೆಯಲ್ಲಿ ಅದು 100/102. ನೀವು 0.99 ಎಂಬ k ಕೊಟ್ಟರೂ ಮುಂದೆಲ್ಲೋ ಅನುಪಾತ ಅದನ್ನು ದಾಟುತ್ತದೆ. ಅಂದರೆ ಎಲ್ಲ ಹೆಜ್ಜೆಗೂ ಹೊಂದುವ k ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಇದು ಬರೀ ತಾಂತ್ರಿಕ ತಕರಾರು ಅಂತ ಯಾರಿಗಾದರೂ ಅನಿಸಬಹುದು. ಅದಕ್ಕೆ ಪಕ್ಕದಲ್ಲೇ ಇನ್ನೊಂದು ಸೀಕ್ವೆನ್ಸ್ ಬರೆದೆ: 1, 1 + 1/2, 1 + 1/2 + 1/3, ಹೀಗೆ. ಇಲ್ಲಿ ಪಕ್ಕದ ವ್ಯತ್ಯಾಸಗಳ ಅನುಪಾತ n/(n+1) ಬಗೆಯದು. ಅದೂ 1ಕ್ಕಿಂತ ಚಿಕ್ಕದು, ಅದೂ 1ರ ಕಡೆಗೇ ಹೋಗುತ್ತದೆ. ಆದರೆ ಈ ಮೊತ್ತಕ್ಕೆ ಮಿತಿಯಿಲ್ಲ. 10 ದಾಟಲು 12367 ಪದ ಬೇಕು, ಆದರೂ ದಾಟುತ್ತದೆ, ಮುಂದೆ ಯಾವ ಸಂಖ್ಯೆ ಕೊಟ್ಟರೂ ದಾಟುತ್ತದೆ. ನನ್ನ ಬೋರ್ಡಿನ ಕೊನೆಯ ಸಾಲು ನಿಜವಾಗಿದ್ದರೆ ಇದೂ ಕನ್ವರ್ಜ್ ಆಗಬೇಕಿತ್ತು.

k ಯಾಕೆ ಸಿಗುವುದಿಲ್ಲ ಎಂಬುದಕ್ಕೆ ಕಾರಣ ಲಿಮಿಟ್‌ನಲ್ಲೇ ಇದೆ. ಲಿಮಿಟ್ L ಇದ್ದರೆ L(2 − L) = 1, ಅಂದರೆ (L − 1)² = 0. ಒಂದೇ ಉತ್ತರ ಎರಡು ಸಲ. 1ರ ಹತ್ತಿರ ಬಂದಂತೆ ಛೇದದ ಎರಡೂ ಅಂಶಗಳು 1ಕ್ಕೆ ಇಳಿಯುತ್ತವೆ, ಕುಗ್ಗಿಸುವ ಶಕ್ತಿಯೇ ಕಳೆದುಹೋಗುತ್ತದೆ. ಕಳೆಯುವ ಬದಲು ಕೂಡಿ, 1/(2 + x) ಎಂದು ಮಾಡಿದರೆ ಈ ತೊಂದರೆ ಇಲ್ಲ. 0ಯಿಂದ ಹೊರಟರೆ ಅಲ್ಲಿ k = 1/4 ಆರಾಮಾಗಿ ಸಿಗುತ್ತದೆ. ಐದನೇ ಪದಕ್ಕೇ ಲಿಮಿಟ್‌ನಿಂದ 0.001ರೊಳಗೆ ಬಂದುಬಿಡುತ್ತೇವೆ. ನಮ್ಮ ಲೆಕ್ಕದಲ್ಲಿ ಅಷ್ಟು ಹತ್ತಿರ ಬರಲು ಸಾವಿರ ಪದ ಬೇಕು.

ಹಾಗಾದರೆ ಸಾಧನೆ ಹೇಗೆ? ವ್ಯತ್ಯಾಸದ ದಾರಿ ಬಿಡಬೇಕಾಗಿಲ್ಲ. ಅನುಪಾತ ನೋಡುವುದನ್ನು ಬಿಟ್ಟು ವ್ಯತ್ಯಾಸಗಳನ್ನೇ ಕೂಡಿಸಬೇಕು. ಮರುದಿನ ಬೆಳಗ್ಗೆ ನಾನು 1ರಿಂದ ಎಷ್ಟು ಕಡಿಮೆ ಇದ್ದೇವೆ ಎಂಬುದಕ್ಕೆ ಒಂದು ಹೆಸರಿಟ್ಟೆ, e = 1 − x. ಆಗ 2 − x ಅಂದರೆ 1 + e. ನಿಯಮ ಹೀಗಾಗುತ್ತದೆ:

```
e(n+1) = e(n) / (1 + e(n))
1/e(n+1) = 1/e(n) + 1
```

ಎರಡನೇ ಸಾಲು ಕಂಡಾಗ ನನಗೆ ನಿಜಕ್ಕೂ ಖುಷಿಯಾಯಿತು. ಕೊರತೆಯನ್ನು ತಲೆಕೆಳಗು ಮಾಡಿದರೆ, ಪ್ರತಿ ಹೆಜ್ಜೆಗೂ ಅದು ಸರಿಯಾಗಿ 1 ಹೆಚ್ಚುತ್ತದೆ. 0ಯಿಂದ ಹೊರಟರೆ ಮೊದಲ ಕೊರತೆ 1, ಆದ್ದರಿಂದ n-ನೇ ಕೊರತೆ 1/n. ಪಕ್ಕದ ಎರಡು ಪದಗಳ ವ್ಯತ್ಯಾಸ ಅಂದರೆ ಎರಡು ಕೊರತೆಗಳ ವ್ಯತ್ಯಾಸ, 1/n − 1/(n+1). n-ನೇ ಪದದಿಂದ m-ನೇ ಪದದವರೆಗೆ ಇವನ್ನು ಕೂಡಿಸಿದರೆ ನಡುವಿನವೆಲ್ಲ ಒಂದಕ್ಕೊಂದು ಹೊಡೆದುಹೋಗಿ 1/n − 1/m ಉಳಿಯುತ್ತದೆ. ಅದು 1/nಗಿಂತ ಚಿಕ್ಕದು, m ಎಷ್ಟೇ ದೂರ ಇರಲಿ. ಆದ್ದರಿಂದ ಇದು ಕೌಶಿ ಸೀಕ್ವೆನ್ಸ್, ಕನ್ವರ್ಜ್ ಆಗಲೇಬೇಕು. ಹಾರ್ಮೋನಿಕ್ ಮೊತ್ತದಲ್ಲಿ ಸಿಗದೇ ಇದ್ದದ್ದು ಈ ಮಿತಿಯೇ. ಅಲ್ಲಿ ವ್ಯತ್ಯಾಸ 1/n ಅಳತೆಯದು, ಇಲ್ಲಿ 1/n² ಅಳತೆಯದು.

ಮಕ್ಕಳಿಗೆ ಇದನ್ನು ಹೇಳುವಾಗ ಕ್ಯಾಲ್ಕುಲೇಟರಿನ ವಿಷಯವನ್ನೂ ಸೇರಿಸಿದೆ, ಯಾಕೆಂದರೆ ಮೋಸ ಹೋಗುವುದು ಅಲ್ಲೇ. ನೂರನೇ ಪದ 0.99, ನೂರೊಂದನೆಯದು 0.990099. ವ್ಯತ್ಯಾಸ 0.0001ಕ್ಕಿಂತಲೂ ಕಡಿಮೆ. "ಇನ್ನು ಬದಲಾಗುತ್ತಿಲ್ಲ" ಎಂದು ನಿಲ್ಲಿಸಿದರೆ ಉತ್ತರ 0.99 ಎಂದು ಬರೆಯುತ್ತೀರಿ. ನಿಜವಾದ ದೂರ 0.01, ಅಂದರೆ ಆ ವ್ಯತ್ಯಾಸದ ನೂರು ಪಟ್ಟು. ವ್ಯತ್ಯಾಸ ಚಿಕ್ಕದಾದಾಗ ಅದರ ಹಿಂದಿನ ವ್ಯತ್ಯಾಸದಿಂದ ಭಾಗಿಸಿ ನೋಡಿ. ಅನುಪಾತ 1ಕ್ಕೆ ಅಂಟಿಕೊಂಡಿದ್ದರೆ ಆ ಚಿಕ್ಕ ಸಂಖ್ಯೆಯನ್ನು ನಂಬಬೇಡಿ.

ಮೊದಲ ಪದ 0 ಅಲ್ಲದೆ 1ಕ್ಕಿಂತ ಚಿಕ್ಕದಾದ ಬೇರೆ ಯಾವುದೇ ಇದ್ದರೂ ಇದೇ ಸಾಧನೆ ನಡೆಯುತ್ತದೆ. 1/e ಒಂದೊಂದೇ ಹೆಚ್ಚುವುದು ಅಲ್ಲಿಯೂ ಹಾಗೆಯೇ. 1ರಿಂದಲೇ ಹೊರಟರೆ ಎಲ್ಲ ಪದವೂ 1. 1ಕ್ಕಿಂತ ದೊಡ್ಡದಿಂದ ಹೊರಟರೆ ಎಚ್ಚರ ಬೇಕು, ಅಲ್ಲಿ 1/e ಋಣ ಸಂಖ್ಯೆ. ಒಂದೊಂದೇ ಹೆಚ್ಚುತ್ತಾ ಅದು ಸರಿಯಾಗಿ ಸೊನ್ನೆಗೆ ಬಂದರೆ ಲೆಕ್ಕ ಮುರಿಯುತ್ತದೆ. 4/3ರಿಂದ ಹೊರಡಿ: 3/2, 2, ಆಮೇಲೆ ಸೊನ್ನೆಯಿಂದ ಭಾಗಾಕಾರ. 1 + 1/k ರೂಪದ ಎಲ್ಲ ಆರಂಭಕ್ಕೂ, k ಧನ ಪೂರ್ಣಾಂಕವಾದರೆ, ಇದೇ ಗತಿ.

ಅದೇ ಹುಡುಗಿ ಮರುದಿನ ಮೊಬೈಲಿನಲ್ಲಿ 1.4ರಿಂದ ಹೊರಟು ನೋಡಿದಳು. 1.667 ಬಂತು, ಆಮೇಲೆ 3, ಆಮೇಲೆ −1. "ಸರ್, ಇದು ಓಡಿಹೋಯ್ತು" ಅಂದಳು. ಇನ್ನೆರಡು ಸಲ ಒತ್ತು ಅಂದೆ. 1/3 ಬಂತು, ಆಮೇಲೆ 3/5. ಅವಳು ನೋಟ್‌ಬುಕ್ಕಿನಲ್ಲಿ 1/eಯ ಸಾಲು ಬರೆದುಕೊಂಡಳು: −2.5, −1.5, −0.5, 0.5, 1.5, 2.5.