ಕಿವಿಗೆ ಮಾತ್ರ ಬರೆದ ನಗೆ: ಚಿಕ್ಕಪ್ಪನ ಮೊಬೈಲಿನಿಂದ ಕಲಿತದ್ದು

ವಾರಕ್ಕೊಮ್ಮೆ ಪ್ರಸಾರವಾಗುವ ಹತ್ತು ನಿಮಿಷದ ಧ್ವನಿ ಕಾರ್ಯಕ್ರಮವೊಂದಕ್ಕೆ ನಾನು ಕೆಲವು ವರ್ಷಗಳಿಂದ ಬರೆದು, ನಾನೇ ಓದುತ್ತಿದ್ದೇನೆ. ಅದಕ್ಕೂ ಮೊದಲು ನಾನು ಬರೆಯುತ್ತಿದ್ದುದು ರಾಜ್ಯೋತ್ಸವದ ವೇದಿಕೆಗಳಿಗೆ ಬೇಕಾದ ಕಿರುಪ್ರಹಸನಗಳನ್ನು. ಅಲ್ಲಿ ನಕ್ಕು ನಗಿಸಿದ ಪ್ರಸಂಗಗಳನ್ನೇ ಧ್ವನಿಗೆ ಇಳಿಸಿದರೆ ಸಾಕು ಎಂಬ ಭ್ರಮೆಯಲ್ಲಿ ಮೊದಲ ಕೆಲವು ಕಂತುಗಳನ್ನು ಬರೆದೆ. ಅವುಗಳಲ್ಲಿ ಒಂದೇ ಒಂದು ನಗೆಪ್ರಸಂಗವನ್ನು ಸರಿಪಡಿಸಲು ನಾನು ಪಟ್ಟ ಪಾಡನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ. ಉಳಿದವುಗಳ ತೊಂದರೆಯೂ ಹೆಚ್ಚುಕಡಿಮೆ ಅದೇ ಆಗಿತ್ತು.

ಪ್ರಸಂಗ ಬಹಳ ಸರಳವಾದದ್ದು. ಚಿಕ್ಕಪ್ಪ ಮೊಬೈಲ್ ಕಳೆದುಹೋಗಿದೆಯೆಂದು ಗಾಬರಿಯಿಂದ ಮನೆಯೆಲ್ಲ ಹುಡುಕುತ್ತಿದ್ದಾರೆ. ಆ ಸಂಕಟವನ್ನು ಅಣ್ಣನ ಮಗನಿಗೆ ಹೇಳಿಕೊಳ್ಳುತ್ತಿರುವುದು ಅದೇ ಮೊಬೈಲಿನಲ್ಲಿ. ವೇದಿಕೆಯ ಮೇಲೆ ಇದಕ್ಕೆ ಬರವಣಿಗೆಯೇ ಬೇಕಿರಲಿಲ್ಲ. ನಟ ಮೊಬೈಲನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಗಳಿಂದ ದಿಂಬು ಎತ್ತಿದ ಕೂಡಲೇ ಸಭೆ ನಗುತ್ತಿತ್ತು. ಅಲ್ಲಿ ನೋಡುವವನಿಗೆ ಮೊದಲೇ ಎಲ್ಲವೂ ಗೊತ್ತು, ಚಿಕ್ಕಪ್ಪನಿಗೆ ಮಾತ್ರ ಗೊತ್ತಿಲ್ಲ. ಆ ಅಂತರವೇ ನಗೆ. ಧ್ವನಿಗೆ ಬರೆಯುವಾಗ ನಾನು ಕಣ್ಣಿಗೆ ಕಂಡದ್ದನ್ನೇ ಮಾತಿನಲ್ಲಿ ತುಂಬಿ ಹೀಗೆ ಬರೆದೆ: “ನಮ್ಮ ಚಿಕ್ಕಪ್ಪ ಕಿವಿಗೆ ಮೊಬೈಲ್ ಹಿಡಿದುಕೊಂಡು ನನ್ನ ಜೊತೆ ಮಾತಾಡುತ್ತಲೇ ಅರ್ಧ ಗಂಟೆಯಿಂದ ತಮ್ಮ ಮೊಬೈಲ್ ಹುಡುಕುತ್ತಿದ್ದರು.” ಯಾರೂ ನಗಲಿಲ್ಲ. ಕೇಳುವವನಿಗೆ “ಕಿವಿಗೆ ಮೊಬೈಲ್ ಹಿಡಿದುಕೊಂಡು” ಎಂಬುದು ಒಂದು ಸಂಗತಿಯಾಗಿ ಬಂದು ಹೋಗುತ್ತದೆ, “ಮೊಬೈಲ್ ಹುಡುಕುತ್ತಿದ್ದರು” ಎಂಬುದು ಇನ್ನೊಂದು ಸಂಗತಿಯಾಗಿ ಬರುತ್ತದೆ, ಎರಡನ್ನೂ ಜೋಡಿಸಿಕೊಳ್ಳುವಷ್ಟರಲ್ಲಿ ನಾನು ಮುಂದಿನ ವಾಕ್ಯಕ್ಕೆ ಹೋಗಿರುತ್ತೇನೆ. ವೇದಿಕೆಯಲ್ಲಿ ಮೊದಲೇ ತೋರಿಸಬೇಕಾದದ್ದನ್ನು ಧ್ವನಿಯಲ್ಲಿ ಕೊನೆಯವರೆಗೂ ಮುಚ್ಚಿಡಬೇಕು ಎಂಬುದು ಆಗ ಹೊಳೆಯಿತು.

ಮುಚ್ಚಿಡುವುದರಲ್ಲಿ ಮೋಸವಿರಬಾರದು. ಅವರು ದೂರದಿಂದ ಮಾತನಾಡುತ್ತಿದ್ದಾರೆ ಎಂಬುದು ಕೇಳುಗನಿಗೆ ತಿಳಿದಿರಬೇಕು, ಆದರೆ ಆ ಕ್ಷಣಕ್ಕೆ ನೆನಪಿನಲ್ಲಿ ಇರಬಾರದು. ಆದ್ದರಿಂದ ಕಂತಿನ ಆರಂಭದಲ್ಲಿಯೇ, ಸುಮಾರು ಎರಡು ನಿಮಿಷ ಮುಂಚೆ, ಮಳೆಯ ಬಗ್ಗೆ ಹೇಳುವಾಗ “ಸಾಗರದಲ್ಲಿರುವ ನಮ್ಮ ಚಿಕ್ಕಪ್ಪ” ಎಂದು ಒಮ್ಮೆ ಹೇಳಿ ಬಿಟ್ಟೆ. ಪ್ರಸಂಗದ ಒಳಗೆ “ಫೋನ್ ಮಾಡಿದರು” ಎಂಬ ಮಾತನ್ನು ಎಲ್ಲಿಯೂ ಬಳಸಲಿಲ್ಲ. ಅದರ ಬದಲಿಗೆ ನಮ್ಮ ಭಾಷೆಯಲ್ಲೇ ಸಿದ್ಧವಾಗಿರುವ “ಅಂತೆ” ನೆರವಿಗೆ ಬಂತು. “ನೋಡಿದರು” ಎಂದರೆ ನಾನು ಅಲ್ಲಿಯೇ ನಿಂತಿದ್ದೆ ಎಂದಾಗುತ್ತದೆ, ಅದು ಸುಳ್ಳು. “ನೋಡಿದರಂತೆ” ಎಂದರೆ ನಾನು ಕೇಳಿ ತಿಳಿದದ್ದು, ಅದು ನಿಜ. ಕೇಳುಗ ಆ “ಅಂತೆ”ಯನ್ನು ಕತೆ ಹೇಳುವ ಧಾಟಿಯೆಂದು ತಿಳಿದು ಸುಮ್ಮನಿರುತ್ತಾನೆ, ಕೊನೆಯ ಮಾತು ಕೇಳಿದ ಮೇಲೆ ಅದೇ ಸುಳಿವಾಗಿತ್ತು ಎಂಬುದು ಅವನಿಗೆ ಹೊಳೆಯುತ್ತದೆ.

ಹೀಗೆ ತಿದ್ದಿದ ಪಾಠ ಇದು:

“ನಿನ್ನೆ ರಾತ್ರಿ ಚಿಕ್ಕಪ್ಪ ಬಹಳ ಗಾಬರಿಯಲ್ಲಿದ್ದರು. ಮೊಬೈಲ್ ಕಳೆದುಹೋಗಿದೆಯಂತೆ. ಹೊಸ ಮೊಬೈಲು. ದಿಂಬಿನ ಕೆಳಗೆ ನೋಡಿದರಂತೆ, ಇಲ್ಲ. ಅಕ್ಕಿ ಡಬ್ಬದಲ್ಲಿ ನೋಡಿದರಂತೆ, ಇಲ್ಲ. ‘ಮನೇಲಿ ಬೇರೆ ಯಾರೂ ಇಲ್ಲ ಕಣೋ, ಏನು ಮಾಡಲಿ ಈಗ?’ ಅಂದರು. ಪಾಪ, ಸಮಾಧಾನ ಮಾಡೋಣ ಅಂತ ನಾನು ಕೇಳಿದ್ದು ಒಂದೇ ಮಾತು… ‘ಚಿಕ್ಕಪ್ಪಾ, ನೀವೀಗ ಮಾತಾಡ್ತಿರೋದು ಯಾವುದರಲ್ಲಿ?’”

ಇದರಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಕೊನೆಯ ಎರಡು ತುಣುಕುಗಳ ಮೇಲೆ. ಕೊನೆಯ ಪ್ರಶ್ನೆ ಮೊದಲಿಗೆ “ಯಾವ ಫೋನಿನಲ್ಲಿ ಈಗ ಮಾತಾಡ್ತಿದೀರಿ ಚಿಕ್ಕಪ್ಪಾ?” ಎಂದಿತ್ತು. “ಫೋನಿನಲ್ಲಿ” ಎಂದೊಡನೆ ಗುಟ್ಟು ಬಿಟ್ಟುಹೋಯಿತು, ಆದರೆ ವಾಕ್ಯ ಇನ್ನೂ ಮೂರು ಪದ ನಡೆಯುತ್ತಿದೆ; ನಗಲು ಬಾಯಿ ತೆರೆದವನು ನನ್ನ ಮಾತು ಮುಗಿಯಲೆಂದು ಕಾಯಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ತೊಂದರೆ ಮತ್ತೆ ಮತ್ತೆ ಎದುರಾಗುತ್ತದೆ: ಅಚ್ಚರಿಯ ಪದ ನಡುವೆ ಉಳಿದು, ಯಾರಿಗೂ ಬೇಡದ ಕ್ರಿಯಾಪದ ಬಾಲದಲ್ಲಿ ಜೋತಾಡುತ್ತದೆ. ಇದಕ್ಕೆ ಪರಿಹಾರವೂ ಭಾಷೆಯಲ್ಲಿಯೇ ಇದೆ. “ಮಾತಾಡ್ತಿರೋದು”, “ಕೇಳಿದ್ದು”, “ಸಿಕ್ಕಿದ್ದು” ಎಂದು ಕ್ರಿಯೆಯನ್ನು ನಾಮಪದವಾಗಿಸಿ ಮುಂದಕ್ಕೆ ತಂದರೆ ಬೇಕಾದ ಪದ ತಾನಾಗಿ ಕೊನೆಗೆ ಬಂದು ಕೂರುತ್ತದೆ. ನಾವು ದಿನವೂ ಹೀಗೆ ಮಾತನಾಡುತ್ತೇವೆ. ಬರೆಯಲು ಕುಳಿತಾಗ ಮಾತ್ರ ಮರೆಯುತ್ತೇವೆ.

ಇದೇ ಜಾತಿಯ ಇನ್ನೊಂದು ಬಾಲ “ಎಂದರು”, “ಅಂತ ಹೇಳಿದ”, “ಅಂತ ಕೇಳಿದೆ” ಎಂಬುದು. ಕನ್ನಡದಲ್ಲಿ ಆಡಿದ ಮಾತು ಮೊದಲು, ಆಡಿದವರು ಯಾರೆಂಬುದು ಆಮೇಲೆ ಬರುವುದೇ ವಾಡಿಕೆ. ಪುಟದ ಮೇಲೆ ಉದ್ಧರಣ ಚಿಹ್ನೆ ಇರುವುದರಿಂದ ಓದುವವನ ಕಣ್ಣು ಬಾಲವನ್ನು ಹಾರಿಸಿಬಿಡುತ್ತದೆ, ಕಿವಿಗೆ ಆ ಸೌಲಭ್ಯವಿಲ್ಲ. “‘…ಯಾವುದರಲ್ಲಿ?’ ಅಂತ ಕೇಳಿದೆ” ಎಂದು ಓದಿ ನೋಡಿ, ನಗೆ ಅರ್ಧಕ್ಕೆ ಇಳಿಯುತ್ತದೆ. ಹಾಗೆಂದು ಬಾಲವನ್ನು ಸುಮ್ಮನೆ ಕತ್ತರಿಸಿದರೆ ಯಾರು ಯಾರನ್ನು ಕೇಳಿದರೆಂದು ತಿಳಿಯುವುದಿಲ್ಲ, ಏಕೆಂದರೆ ಇಲ್ಲಿ ಎರಡೂ ಪಾತ್ರಗಳಿಗೆ ನನ್ನದೊಂದೇ ದನಿ. ಆದ್ದರಿಂದ “ನಾನು ಕೇಳಿದ್ದು ಒಂದೇ ಮಾತು” ಎಂಬುದನ್ನು ಮುಂದಿಟ್ಟೆ. ಚಿಕ್ಕಪ್ಪನ ಗೋಳಿನ ಮಾತಿನಲ್ಲಿ ಮಾತ್ರ “ಅಂದರು” ಹಿಂದೆಯೇ ಉಳಿಯಿತು, ಅಲ್ಲಿ ಯಾರೂ ನಗಬೇಕಾಗಿಲ್ಲ.

ಅದೇ “ಕೇಳಿದ್ದು ಒಂದೇ ಮಾತು” ನಿಲುಗಡೆಗೂ ಜಾಗ ಮಾಡಿಕೊಟ್ಟಿತು. ವೇದಿಕೆಯಲ್ಲಿ ಸುಮ್ಮನೆ ನಿಂತರೆ ಮುಖ ಕಾಣುತ್ತದೆ, ಹುಬ್ಬು ಕಾಣುತ್ತದೆ. ಧ್ವನಿಯಲ್ಲಿ ಸುಮ್ಮನಾದರೆ ಕೇಳುಗ ಮೊದಲು ತನ್ನ ಫೋನನ್ನೋ ನೆಟ್‌ವರ್ಕನ್ನೋ ಅನುಮಾನಿಸುತ್ತಾನೆ. ಮೌನಕ್ಕೆ ಮುಂಚಿನ ಮಾತು ಅಪೂರ್ಣವಾಗಿ ನಿಂತಿದ್ದರೆ ಮಾತ್ರ ಅವನು ಕಾಯುತ್ತಾನೆ. “ನಾನು ಒಂದು ಪ್ರಶ್ನೆ ಕೇಳಿದೆ” ಎಂದು ನಿಲ್ಲಿಸಿದರೆ ವಾಕ್ಯ ಮುಗಿಯಿತು, ದನಿ ಕೆಳಗಿಳಿಯಿತು, ಗಮನ ಒಲೆಯ ಮೇಲಿನ ಹಾಲಿನ ಕಡೆ ಹೋಯಿತು. “ಹೋಗಿ ನೋಡಿದರೆ…”, “ಬಾಗಿಲು ತೆಗೆದವರು…”, “ಕೇಳಿದ್ದು ಒಂದೇ ಮಾತು…” ಎಂಬಲ್ಲಿ ವ್ಯಾಕರಣವೇ ಅವನ ಕೈ ಹಿಡಿದು ನಿಲ್ಲಿಸಿಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ “ನೋಡಿದರೆ” ಎಂಬುದರ “-ದರೆ”ಗಿಂತ ಒಳ್ಳೆಯ ನಿಲುಗಡೆ ಕನ್ನಡದಲ್ಲಿ ಇಲ್ಲ, ಆದರೆ ಒಂದು ಕಂತಿನಲ್ಲಿ ಅದನ್ನು ಎರಡು ಸಲ ಬಳಸಿದರೆ ಮೂರನೆಯ ಸಲ ಕೇಳುಗ ನಗೆ ಬರುತ್ತಿದೆಯೆಂದು ಮುಂಚೆಯೇ ಪತ್ತೆ ಹಚ್ಚುತ್ತಾನೆ.

ನಿಲುಗಡೆಯ ಉದ್ದ ನನಗೆ ಅಭ್ಯಾಸದಿಂದ ಸಿಕ್ಕಿದ್ದು: ಕೊನೆಯ ಮಾತಿಗೆ ಮುಂಚೆ ಮುಕ್ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನೊಳಗೆ, ಅಂದರೆ ಒಂದು ಸಣ್ಣ ಉಸಿರು, ಆದ ಮೇಲೆ ಒಂದೂವರೆ ಸೆಕೆಂಡಿನಷ್ಟು. ಬರಹದಲ್ಲಿ ಮೊದಲನೆಯದಕ್ಕೆ ಒಂದು ಓರೆಗೆರೆ, ಎರಡನೆಯದಕ್ಕೆ ಎರಡು ಓರೆಗೆರೆ ಹಾಕಿಕೊಳ್ಳುತ್ತೇನೆ. ಕೊನೆಯ ಮಾತು ಪುಟದ ಮೊದಲ ಸಾಲಿಗೆ ಬಿದ್ದರೆ ಹಿಂದಿನ ಪುಟವನ್ನು ಮತ್ತೆ ಬರೆಯುತ್ತೇನೆ, ಏಕೆಂದರೆ ನಿಲುಗಡೆಯಲ್ಲಿ ಹಾಳೆ ಮಗುಚಿದ ಸದ್ದು ಕೇಳಿದರೆ ಅದು ಮೌನವಾಗಿ ಉಳಿಯುವುದಿಲ್ಲ.

ಇಷ್ಟೆಲ್ಲ ಮಾಡಿ ಧ್ವನಿಮುದ್ರಿಸಿದ ಕಂತು ಸಂಕಲನದಿಂದ ಹಿಂತಿರುಗಿದಾಗ ನಿಲುಗಡೆಯೇ ಇರಲಿಲ್ಲ. ನೆರವಿಗೆ ಬಂದ ಹುಡುಗ Audacity ತಂತ್ರಾಂಶದಲ್ಲಿ Truncate Silence ಎಂಬುದನ್ನು ಇಡೀ ಕಡತದ ಮೇಲೆ ಓಡಿಸಿದ್ದ. ನಿಗದಿತ ಅವಧಿಗಿಂತ ಉದ್ದವಾದ ಮೌನಗಳನ್ನೆಲ್ಲ ಅದು ಒಂದೇ ಅಳತೆಗೆ ಕತ್ತರಿಸಿತ್ತು. ಬೇರೆ ಮಾತಿಗೆ ಅದರಿಂದ ಅನುಕೂಲವೇ ಆಗುತ್ತದೆ, ನಗೆಗೆ ಮಾತ್ರ ಕುತ್ತು. ಅವನು ಮತ್ತೆ ಸೇರಿಸಿದ ಮೌನವೂ ಸರಿಯಾಗಲಿಲ್ಲ. ನನ್ನ ಕೋಣೆಯಲ್ಲಿ ಸದಾ ಇರುವ ಸಣ್ಣ ಗುಂಯ್ ಸದ್ದು ಥಟ್ಟನೆ ನಿಂತು ಮತ್ತೆ ಶುರುವಾಗುತ್ತಿತ್ತು, ಕೇಳಿದರೆ ಕರೆ ತುಂಡಾದಂತೆ ಅನಿಸುತ್ತಿತ್ತು. ಆಮೇಲಿಂದ ಪ್ರತಿ ಸಲ ಓದಲು ತೊಡಗುವ ಮುಂಚೆ ಹತ್ತು ಸೆಕೆಂಡು ಏನೂ ಮಾತನಾಡದೆ ಕೋಣೆಯ ಸದ್ದನ್ನು ಮುದ್ರಿಸಿಟ್ಟುಕೊಳ್ಳುತ್ತೇನೆ. ಮೌನ ಬೇಕಾದ ಕಡೆ ಅದನ್ನೇ ಅಂಟಿಸುತ್ತೇವೆ. ಕಂತನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುವವರೂ ಇದ್ದಾರೆ. ಅವರಿಗೆ 0.9 ಸೆಕೆಂಡಿನ ನಿಲುಗಡೆ 0.6 ಸೆಕೆಂಡಾಗಿ ಮುಟ್ಟುತ್ತದೆ, ಆದರೆ ಅವರಿಗಾಗಿ ನಾನು ಏನನ್ನೂ ಬದಲಿಸಿಲ್ಲ. ವ್ಯಾಕರಣ ಅಪೂರ್ಣವಾಗಿದ್ದರೆ ಅಷ್ಟೂ ಸಾಕಾಗುತ್ತದೆ.

ಕೊನೆಯ ಮಾತಿನ ನಂತರದ ವಾಕ್ಯದ ಬಗ್ಗೆಯೂ ಎಚ್ಚರ ಬೇಕು. ನಕ್ಕವನಿಗೆ ಅದು ಅರ್ಧ ಕೇಳಿಸುವುದಿಲ್ಲ, ನಗದವನಿಗೆ ಅರ್ಥವಾಗಲು ಇನ್ನೂ ಸ್ವಲ್ಪ ಸಮಯ ಬೇಕು. ಇಬ್ಬರಿಗೂ ಒಪ್ಪುವಂತೆ ನಾನು ಬರೆದದ್ದು ಹೀಗೆ: “ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ನಿಧಾನವಾಗಿ ಬಂತು ಉತ್ತರ… ‘ಸರಿ ಬಿಡು, ಸಿಕ್ಕಿದ ಮೇಲೆ ನಾನೇ ಫೋನ್ ಮಾಡ್ತೀನಿ.’” ಮೊದಲ ಎರಡು ವಾಕ್ಯಗಳಲ್ಲಿ ಕಳೆದುಕೊಳ್ಳುವಂಥದ್ದೇನೂ ಇಲ್ಲ; “ಫೋನ್” ಎಂಬ ಪದ ಇಡೀ ಪ್ರಸಂಗದಲ್ಲಿ ಮೊದಲ ಬಾರಿಗೆ ಬರುವುದೂ ಇಲ್ಲಿಯೇ, ಹಿಂದೆ ಬಿದ್ದವನಿಗೆ ಅದು ಕೀಲಿಕೈ.

ಪರೀಕ್ಷೆಗೆ ನನಗೆ ಅಡುಗೆಮನೆಯೇ ಸಾಕು. ಅತ್ತಿಗೆ ತರಕಾರಿ ಹೆಚ್ಚುತ್ತಿರುವಾಗ ಕಂತನ್ನು ಹಾಕಿ, ನಾನು ಹೊರಗೆ ನಿಂತು ಚಾಕುವಿನ ಸದ್ದನ್ನು ಕೇಳುತ್ತೇನೆ. ನಿಲುಗಡೆಯಲ್ಲಿ ಚಾಕು ನಿಂತರೆ ಗೆದ್ದಂತೆ. ಒಂದು ಕರಡಿನಲ್ಲಿ ಅಕ್ಕಿ ಡಬ್ಬದ ಜಾಗದಲ್ಲಿ “ದೋಸೆ ಹಿಟ್ಟಿಗೆ ಕೈ ಹಾಕಿ ತಳದವರೆಗೂ ನೋಡಿದರಂತೆ” ಎಂದಿತ್ತು. ಚಾಕು ಅಲ್ಲಿಯೇ ನಿಂತಿತು, ಅತ್ತಿಗೆ ಅಲ್ಲಿಯೇ ನಕ್ಕರು, ಮುಂದಿನ ಸಾಲು ಆ ನಗೆಯಲ್ಲಿ ಮುಳುಗಿತು, ಕೊನೆಯ ಪ್ರಶ್ನೆಯ ಹೊತ್ತಿಗೆ ಚಾಕು ಮತ್ತೆ ಓಡುತ್ತಿತ್ತು. ನನಗೆ ಇಷ್ಟವಾಗಿದ್ದ ಸಾಲು ಅದು, ತೆಗೆದುಹಾಕಿದೆ.

ಎಲ್ಲ ನಗೆಯನ್ನೂ ಹೀಗೆ ಕಿವಿಗೆ ಒಗ್ಗಿಸಲು ಆಗುವುದಿಲ್ಲ. “ಮಕ್ಕಳ ಕತೆಗಳು ಇಲ್ಲಿ ಸಿಗುತ್ತವೆ” ಎಂದು ಬರೆಯಬೇಕಾದ ಫಲಕದಲ್ಲಿ ಬರೆದವನು ಒಂದು ಒತ್ತು ಹೆಚ್ಚಿಗೆ ಕೊಟ್ಟು “ಕತ್ತೆಗಳು” ಮಾಡಿದ ಪ್ರಸಂಗವೊಂದು ನನ್ನ ಬಳಿ ಇದೆ. ಓದಿದರೆ ನಗು ಬರುತ್ತದೆ. ಗಟ್ಟಿಯಾಗಿ ಹೇಳಿದರೆ ನನ್ನ ನಾಲಿಗೆ ತಪ್ಪಿತೆಂದು ಕೇಳುಗ ತಿಳಿಯುತ್ತಾನೆ, ಒತ್ತಿನ ವಿಷಯ ಮೊದಲೇ ಹೇಳಿದರೆ ಗುಟ್ಟು ಹೋಗುತ್ತದೆ, ಆಮೇಲೆ ಹೇಳಿದರೆ ಅದು ಪಾಠವಾಗುತ್ತದೆ. ಅಂಗಡಿಗೆ ಬಂದ ಅಗಸನೊಬ್ಬ “ಎಷ್ಟು ವಯಸ್ಸಿನವು?” ಎಂದು ಕೇಳುವಂತೆ ಬರೆದು ನೋಡಿದ್ದೇನೆ. ಚಾಕು ಇನ್ನೂ ನಿಂತಿಲ್ಲ.