ಪಟ್ಟಿಗಳನ್ನಲ್ಲ, ನಡುವಿನ ಅಂತರಗಳನ್ನು ಎಣಿಸಿ

ಜೋಡಿ ಸೀಳಿನ ಪ್ರಯೋಗ ಮುಗಿಸಿದ ಪಿಯುಸಿ ವಿದ್ಯಾರ್ಥಿಗಳು ಕೆಂಪು ಲೇಸರ್‌ನ ತರಂಗದೂರ 578 ನ್ಯಾನೊಮೀಟರ್ ಎಂದು ಬರೆದು ತರುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಅದು ಹಳದಿ ಬೆಳಕಿನ ಅಂಕಿ. ಸೂತ್ರವನ್ನು ಸರಿಯಾಗಿಯೇ ಬರೆದಿರುತ್ತಾರೆ, ಎಡವುವುದು ಎಣಿಕೆಯಲ್ಲಿ.

ಮೊದಲು ಲೇಸರ್, ಸೀಳು, ಗೋಡೆಗಳನ್ನು ಒಂದೇ ನೇರದಲ್ಲಿ ಹೊಂದಿಸಿ, ಗೋಡೆಗೆ ಬಿಳಿ ಹಾಳೆ ಅಂಟಿಸಿ. ದೂರವನ್ನು ಸೀಳಿನಿಂದ ಅಳೆಯಿರಿ, ಲೇಸರ್‌ನಿಂದಲ್ಲ. ಮಸಿ ಹಿಡಿಸಿದ ಗಾಜಿನ ಮೇಲೆ ಬ್ಲೇಡಿನಿಂದ ಗೀರುವ ಅಡ್ಡದಾರಿ ಬೇಡ. ಎರಡು ಗೀರುಗಳ ಅಂತರ ಎಷ್ಟೆಂದು ನಿಮಗೇ ಗೊತ್ತಿರುವುದಿಲ್ಲ. ಅಳತೆ ನಮೂದಿಸಿದ ಸೀಳನ್ನೇ ಬಳಸಿ.

ಸೀಳುಗಳ ನಡುವಿನ ಅಂತರ d 0.25 ಮಿ.ಮೀ., ಸೀಳಿನಿಂದ ಗೋಡೆಗೆ ದೂರ D 2 ಮೀಟರ್, ಲೇಸರ್‌ನ ತರಂಗದೂರ λ 650 ನ್ಯಾನೊಮೀಟರ್ ಎಂದುಕೊಳ್ಳಿ. ಎಲ್ಲವನ್ನೂ ಮಿಲಿಮೀಟರಿಗೆ ತಂದುಬಿಡಿ. ಹತ್ತರ ಘಾತಗಳ ಗೊಂದಲ ಅಲ್ಲಿಗೇ ತೀರುತ್ತದೆ.

```
β = λD/d = 0.00065 × 2000 / 0.25 = 5.2
```

ಅಂದರೆ ಒಂದು ಪ್ರಕಾಶ ಪಟ್ಟಿಯ ನಡುವಿನಿಂದ ಮುಂದಿನದರ ನಡುವಿಗೆ 5.2 ಮಿ.ಮೀ.

ಈಗ ಎಣಿಕೆ. ಒಂದೇ ಅಂತರವನ್ನು ಅಳೆಯಬೇಡಿ. ಪಟ್ಟಿಗಳ ಅಂಚು ಮಸುಕಾಗಿರುವುದರಿಂದ ಅರ್ಧ ಮಿಲಿಮೀಟರ್ ತಪ್ಪೂ ದೊಡ್ಡದಾಗುತ್ತದೆ. ಒಂಬತ್ತು ಪಟ್ಟಿಗಳ ನಡುವಿಗೆ ಪೆನ್ಸಿಲ್ ಗುರುತು ಹಾಕಿ, ತುದಿಯಿಂದ ತುದಿಗೆ ಅಳೆಯಿರಿ. 41.6 ಮಿ.ಮೀ. ಬರುತ್ತದೆ. ಒಂಬತ್ತು ಪಟ್ಟಿಗಳ ನಡುವೆ ಇರುವುದು ಎಂಟೇ ಅಂತರ. ಒಂಬತ್ತರಿಂದ ಭಾಗಿಸಿದಿರೋ, ಆ 578 ಬಂದೇ ಬರುತ್ತದೆ.

ಒಂಬತ್ತಕ್ಕೇ ನಿಲ್ಲಿಸಿದ್ದಕ್ಕೂ ಕಾರಣವಿದೆ. ಪ್ರತಿ ಸೀಳಿಗೂ ತನ್ನದೇ ಅಗಲ a ಇರುತ್ತದೆ. ಅದು 0.05 ಮಿ.ಮೀ. ಆಗಿದ್ದರೆ, ಒಂಟಿ ಸೀಳಿನ ವಿವರ್ತನೆಯ ಮೊದಲ ಕತ್ತಲೆ ನಡುವಿನಿಂದ 26 ಮಿ.ಮೀ. ದೂರದಲ್ಲಿ, ಸರಿಯಾಗಿ ಐದನೆಯ ಪಟ್ಟಿ ಇರಬೇಕಾದ ಜಾಗದಲ್ಲೇ ಬೀಳುತ್ತದೆ. ಆ ಪಟ್ಟಿ ಕಾಣುವುದೇ ಇಲ್ಲ. ಅದನ್ನು ಗಮನಿಸದೆ ಆರನೆಯದನ್ನು ಐದೆಂದು ಎಣಿಸಿದರೆ ಲೆಕ್ಕ ಕೆಟ್ಟಿತು. `d sin θ = mλ` ಬೆಳಕಿನ ಜಾಗ ಹೇಳುತ್ತದೆ, `a sin θ = mλ` ಕತ್ತಲೆಯ ಜಾಗ ಹೇಳುತ್ತದೆ. ಎರಡೂ ನೋಡಲು ಒಂದೇ ಥರ ಇರುವುದರಿಂದಲೇ ಅದಲುಬದಲಾಗುತ್ತವೆ.

ಗ್ರೇಟಿಂಗ್‌ಗೆ ಬಂದಾಗ β ಸೂತ್ರವನ್ನು ಬದಿಗಿಡಿ. ಚೌಕಟ್ಟಿನ ಮೇಲೆ ಮಿಲಿಮೀಟರಿಗೆ 500 ಗೆರೆ ಎಂದಿದ್ದರೆ d 500 ಅಲ್ಲ, 1/500, ಅಂದರೆ 0.002 ಮಿ.ಮೀ. ಆಗ ಮೊದಲ ಚುಕ್ಕೆಗೆ sin θ 0.325, ಕೋನ ಸುಮಾರು 19 ಡಿಗ್ರಿ. ಇಷ್ಟು ದೊಡ್ಡ ಕೋನದಲ್ಲಿ sin, tan ಒಂದೇ ಎನ್ನುವಂತಿಲ್ಲ. ಎರಡು ಮೀಟರ್ ದೂರದ ಗೋಡೆಯಲ್ಲಿ ಚುಕ್ಕೆ ಬೀಳುವುದು ನಡುವಿನಿಂದ 68.7 ಸೆಂ.ಮೀ. ದೂರದಲ್ಲಿ, β ಸೂತ್ರ ನಂಬಿದವರು 65ರಲ್ಲಿ ಹುಡುಕುತ್ತಾರೆ. ಎರಡನೆಯದು 171 ಸೆಂ.ಮೀ. ಆಚೆಗಿದೆ, ಮೊದಲನೆಯದರ ಇಮ್ಮಡಿಗಿಂತ ಬಹಳ ದೂರ. ಮೂರನೆಯದು 77 ಡಿಗ್ರಿಯಲ್ಲಿ ಓರೆಯಾಗಿ ಹೊರಟುಹೋಗುತ್ತದೆ. ನಾಲ್ಕನೆಯದಕ್ಕೆ sin θ 1.3 ಆಗಬೇಕಾಗುತ್ತದೆ, ಹಾಗಾಗಿ ಆ ಚುಕ್ಕೆ ಇಲ್ಲವೇ ಇಲ್ಲ.